ಜವಾರಿ ರಕ್ತ

ಲಿಂಗಸುಗೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡ ಒಬ್ಬ ಹಿರಿಯರಿದ್ದಾರೆ. ನಾಲ್ಕು ಕಾಳು ಅಂಗೈ ಮೇಲೆ ಹಾಕಿಕೊಂಡರೆ ಸಾಕು, ಅದು ಯಾವ ತಳಿ, ಜವಾರಿಯೋ ಹೈಬ್ರಿಡ್ಡೋ ಎಂದು ಹೇಳಿಬಿಡುತ್ತಾರೆ. ಅದು ನಿಜವಾದ ವಿದ್ಯೆ, ನಾನು ಅಲ್ಲಗಳೆಯುವುದಿಲ್ಲ. ತೊಂದರೆ ಏನೆಂದರೆ ಅವರು ಅದೇ ವಿದ್ಯೆಯನ್ನು ಮನುಷ್ಯರ ಮೇಲೂ ನಡೆಸುತ್ತಾರೆ. ಸಿಂಧನೂರಿನ ನನ್ನ ಮಕ್ಕಳ ಆಸ್ಪತ್ರೆಗೆ ಮೊದಲ ಸಲ ಬಂದಾಗ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ನನ್ನ ಮೂಗು, ಹಣೆ ನೋಡಿ ನಾನು ಯಾವ ಸೀಮೆಯವಳು, ಯಾವ ಪೈಕಿ ಎಂದು ಹೇಳಿದರು. ಎರಡೂ ತಪ್ಪು. ನಾನು ತಿದ್ದಲಿಲ್ಲ. ತಪ್ಪು ತಿಳಿದುಕೊಂಡವರು ಅಷ್ಟು ಸಂತೋಷವಾಗಿರುವಾಗ ಯಾಕೆ ಕೆಡಿಸಬೇಕು?

ಅವರು ಬಂದದ್ದು ತಂಗಿಯ ಮೊಮ್ಮಗಳ ಸಲುವಾಗಿ. ತಂಗಿಯನ್ನು ಮಸ್ಕಿಗೆ ಕೊಟ್ಟಿದ್ದರು. ಅಲ್ಲಿ ಅವರದು ಹಿಟ್ಟಿನ ಗಿರಣಿ. ತಂಗಿಯ ಮಗ ಆ ಗಿರಣಿ ನಡೆಸುತ್ತಾನೆ, ಮಾತು ಕಡಿಮೆ, ಹುಬ್ಬಿನ ಮೇಲೆ ಯಾವಾಗಲೂ ಜೋಳದ ಹಿಟ್ಟು. ಅವನ ಹೆಂಡತಿಯ ತವರು ಸಿಂಧನೂರಿನ ಹತ್ತಿರದ ಸಾಲಗುಂದ. ಇವರಿಬ್ಬರ ಒಬ್ಬಳೇ ಮಗಳು, ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸು. ಬಿಳುಚಿದ ಮುಖ, ಉಬ್ಬಿದ ಹೊಟ್ಟೆ. ಕಬ್ಬಿಣಾಂಶದ ಟಾನಿಕ್ಕನ್ನು ಬಾಟಲಿಗಟ್ಟಲೆ ಕುಡಿದು ಹಲ್ಲು ಕಪ್ಪಾಗಿದ್ದವೇ ಹೊರತು ರಕ್ತ ಏರಿರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಎಡ ಪಕ್ಕೆಯ ಕೆಳಗೆ ಊದಿದ ಗುಲ್ಮ ಕೈಗೆ ಸಿಕ್ಕಿತು. ಇದು ತಿನ್ನುವುದರ ಕೊರತೆಯಲ್ಲ, ರಕ್ತ ತಯಾರಾಗುವುದರಲ್ಲೇ ಏನೋ ಬೇರೆ ಇದೆ ಎಂದು ಅನ್ನಿಸಿ, ಹಿಮೋಗ್ಲೋಬಿನ್ ಯಾವ ಬಗೆಯದು ಎಂದು ನೋಡುವ ಪರೀಕ್ಷೆಗೆ ಮಾದರಿಯನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸಿದೆ. ಮಗುವಿನ ರಕ್ತದ ಗುಂಪು ಬಿ ಎಂದು ನಮ್ಮಲ್ಲೇ ಗೊತ್ತಾಯಿತು. ಅದನ್ನು ಕೇಳಿದ ಕೂಡಲೇ ಜೊತೆಗೆ ಬಂದಿದ್ದ ಅಜ್ಜಿ, ಅಂದರೆ ಆ ತಂಗಿ, ಹುಬ್ಬು ಗಂಟಿಕ್ಕಿದಳು. ಅವಳದೂ ಓ, ಅವಳ ಮಗನದೂ ಓ. ಅವಳ ಲೆಕ್ಕದಲ್ಲಿ ರಕ್ತದ ಗುಂಪು ಮನೆತನದ ಹೆಸರಿನ ಹಾಗೆ, ಅಪ್ಪನಿಂದ ಮಕ್ಕಳಿಗೆ ಇಳಿಯಬೇಕು.

ತಾಯಿಯದು ಬಿ ಇದೆ, ತಾಯಿಯಿಂದ ಬಂದಿದೆ, ಅದರಲ್ಲಿ ವಿಶೇಷವೇನೂ ಇಲ್ಲ ಎಂದು ನಾನು ಹೇಳಿದೆ. ಅಜ್ಜಿ ತಲೆ ಆಡಿಸಿದಳು. ತಲೆ ಆಡಿಸುವುದಕ್ಕೂ ಒಪ್ಪುವುದಕ್ಕೂ ನಮ್ಮ ಕಡೆ ಸಂಬಂಧವಿಲ್ಲ ಎನ್ನುವುದು ಇಷ್ಟು ವರ್ಷ ವೈದ್ಯ ವೃತ್ತಿ ಮಾಡಿದ ಮೇಲೂ ನನಗೆ ಆಗಾಗ ಮರೆತುಹೋಗುತ್ತದೆ.

ಪರೀಕ್ಷೆಯ ರಿಪೋರ್ಟು ನನಗೆ ಬಂದ ಹಾಗೇ ಆ ಗಿರಣಿಯ ಹುಡುಗನ ಫೋನಿಗೂ ಬಂತು. ಮಗುವಿಗೆ ಇದ್ದದ್ದು ಹಿಮೋಗ್ಲೋಬಿನ್ ಇ ಮತ್ತು ಬೀಟಾ ಥಲಸೇಮಿಯಾ ಎರಡೂ ಕೂಡಿದ ಸ್ಥಿತಿ. ತಂದೆ ತಾಯಿಯರಲ್ಲಿ ಒಬ್ಬರಿಂದ ಒಂದು, ಇನ್ನೊಬ್ಬರಿಂದ ಇನ್ನೊಂದು. ಒಂದೊಂದೇ ಇದ್ದವರು ಜೀವನಪೂರ್ತಿ ಗೊತ್ತೇ ಇಲ್ಲದೆ ಆರಾಮಾಗಿ ಇರುತ್ತಾರೆ, ಎರಡೂ ಒಂದೇ ಮಗುವಿನಲ್ಲಿ ಕೂಡಿದಾಗಲೇ ಕಷ್ಟ. ಹುಡುಗನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಗಾಗಿ ಅವನು ಅದನ್ನು ಸೋದರಮಾವನಿಗೆ, ಅಂದರೆ ಬೀಜದಂಗಡಿಯ ಹಿರಿಯರಿಗೆ ಕಳಿಸಿದ. ಅವರು ಕೊನೆಯಿಂದ ಓದಿದರು. ಕೆಳಗೆ ಸಣ್ಣ ಅಕ್ಷರದಲ್ಲಿ, ಇಂಥ ಹಿಮೋಗ್ಲೋಬಿನ್ ಹೆಚ್ಚಾಗಿ ಬಂಗಾಳ, ಅಸ್ಸಾಂ ಮುಂತಾದ ಪೂರ್ವದ ಕಡೆ ಕಾಣುತ್ತದೆ ಎಂದಿತ್ತು. ಹೆಚ್ಚಾಗಿ ಎನ್ನುವ ಪದವನ್ನು ಅವರು ಜಿಗಿದು ದಾಟಿದರು. ಬಂಗಾಳ ಎನ್ನುವಲ್ಲಿ ಬಂದು ಕೂತರು.

ಸಿಂಧನೂರಿನವರಿಗೆ ಬಂಗಾಳ ದೂರವಲ್ಲ. ಆರ್.ಎಚ್. ಕ್ಯಾಂಪುಗಳು ಇಲ್ಲೇ ಇವೆ. ಅಲ್ಲಿನವರ ಅಜ್ಜ ಅಜ್ಜಿಯರು ಬಂಗಾಳದ ಕಡೆಯಿಂದ ನಿರಾಶ್ರಿತರಾಗಿ ಬಂದು ಭತ್ತ ಬೆಳೆದು ಇಲ್ಲಿಯವರೇ ಆದರು. ಗಿರಣಿ ಮನೆಯ ಸೊಸೆ, ಮಗುವಿನ ತಾಯಿ, ತವರಿಗೆ ಬಂದಾಗೆಲ್ಲ ಕ್ಯಾಂಪಿನ ಒಬ್ಬ ಹೆಂಗಸಿನ ಹತ್ತಿರ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಬೀಜದಂಗಡಿಯ ಮಾವ ಎರಡನ್ನೂ ಕೂಡಿಸಿ, ಮಗು ಕ್ಯಾಂಪಿನ ಯಾರದೋ ಎಂದು ಲೆಕ್ಕ ಕಟ್ಟಿದರು. ಲಿಂಗಸುಗೂರಿನಿಂದ ಮಸ್ಕಿಗೆ ಒಂದು ಫೋನು ಹೋಯಿತು, ಮಸ್ಕಿಯಿಂದ ಸಾಲಗುಂದಕ್ಕೆ ಸೊಸೆ ಬಂದಳು, ಮಗುವಿನ ಸಮೇತ. ಅತ್ತೆ ತಾನೇ ಬಂದು ತವರಿನ ಕಟ್ಟೆಯ ಮುಂದೆ ಬಿಟ್ಟು, ನಾಲ್ಕು ಮನೆಯವರಿಗೆ ಕೇಳಿಸುವ ಹಾಗೆ ಕಾರಣ ಹೇಳಿ ಹೋಗಿದ್ದಳು. ಈ ಹುಡುಗಿ ಮತ್ತೆ ಆ ಮನೆಯ ಹೊಸ್ತಿಲು ತುಳಿಯುತ್ತಾಳೋ ಇಲ್ಲವೋ ಎನ್ನುವುದು ಒಂದು ಸಣ್ಣ ಅಕ್ಷರದ ಸಾಲಿನ ಮೇಲೆ ನಿಂತಿತು.

ಈ ಸುದ್ದಿ ನನಗೆ ತಂದವಳು ನನ್ನ ಆಸ್ಪತ್ರೆಯ ನರ್ಸು. ಅವಳು ಅದೇ ಕ್ಯಾಂಪಿನವಳು. ಮನೆಯಲ್ಲಿ ಬಂಗಾಲಿ, ಬೀದಿಯಲ್ಲಿ ನಮ್ಮ ಸೀಮೆಯ ಕನ್ನಡ, ಸಿಟ್ಟು ಬಂದಾಗ ಎರಡೂ. ಆ ದಿನ ಸಿಟ್ಟು ಬಂದಿರಲಿಲ್ಲ, ನಗು ಬಂದಿತ್ತು. ಸಿಟ್ಟು ಬಂದದ್ದು ನನಗೆ. ನನಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ, ಬಹಳ ಮರ್ಯಾದೆಯಿಂದ ಮಾತಾಡುತ್ತೇನೆ. ನನ್ನ ಸಿಬ್ಬಂದಿಗೆ ಅದು ಗೊತ್ತು. ನಾನು ಮಸ್ಕಿಗೆ ಫೋನು ಮಾಡಿ, ದಯವಿಟ್ಟು ತಾವೆಲ್ಲರೂ ಬರಬೇಕು, ತಂದೆ ತಾಯಿ ಇಬ್ಬರ ರಕ್ತವನ್ನೂ ನೋಡದೆ ಮಗುವಿನ ಚಿಕಿತ್ಸೆ ಮುಂದುವರಿಸಲು ಆಗುವುದಿಲ್ಲ ಎಂದೆ. ಅದು ಸುಳ್ಳಲ್ಲ. ಮುಂದಿನ ಮಗುವಿನ ವಿಚಾರ ಹೇಳುವುದಕ್ಕೂ ಅದು ಬೇಕು. ನಾನು ಎಷ್ಟು ಮರ್ಯಾದೆಯಿಂದ ಮಾತಾಡಿದೆನೆಂದರೆ, ಪಕ್ಕದಲ್ಲಿದ್ದ ಲ್ಯಾಬಿನವನು ಮೆಲ್ಲಗೆ ಎದ್ದು ಹೊರಗೆ ಹೋದ.

ಎಲ್ಲರೂ ಬಂದರು. ಸೊಸೆ ಒಂದು ಬೆಂಚಿನ ಮೇಲೆ, ಅತ್ತೆ ಇನ್ನೊಂದರ ಮೇಲೆ. ಗಂಡ ಎರಡು ಬೆಂಚಿನ ನಡುವೆ ನಿಂತೇ ಇದ್ದ. ಮಾವನವರು ನನ್ನ ಎದುರಿನ ಕುರ್ಚಿ ಹಿಡಿದರು. ಗಂಡ ಹೆಂಡತಿಯ ರಕ್ತ ತೆಗೆದದ್ದಾಯಿತು. ಆಗ ಮಾವ ತಾವೇ ತೋಳು ಮೇಲೆ ಮಾಡಿದರು.

"ನಮ್ಮದೂ ತಗೀರಿ ಮೇಡಂ, ನನ್ನದು, ನನ್ನ ತಂಗೀದು. ಆ ಇ ಅನ್ನೂದು ನಮ್ಮ ಖಾಂದಾನದಾಗ ಇಲ್ಲ ಅಂತ ಎಲ್ಲಾರ ಮುಂದ ಆಗಲಿ. ನಮ್ಮದು ಜವಾರಿ ರಕ್ತ."

ರಿಪೋರ್ಟನ್ನು ಎಲ್ಲರ ಮುಂದೆ ಹೇಳಲು ಒಪ್ಪಿಗೆ ಇದೆಯೇ ಎಂದು ನಾನು ಕೇಳಿದೆ. ಇದೆ ಎಂದರು. ಯೋಚಿಸಿ ಹೇಳಿ ಎಂದೆ. ಯೋಚಿಸುವುದೇನಿದೆ ಎಂದರು. ನಾನು ಇನ್ನೊಂದು ಸಲ ಕೇಳಿದೆ, ಏಕೆಂದರೆ ಆಮೇಲೆ ನನ್ನ ಮೇಲೆ ತಪ್ಪು ಬರಬಾರದು. ಒಳಗೊಳಗೆ ಮಾತ್ರ ನನಗೆ ಹಬ್ಬ. ಮಗುವಿನ ಇ ಎಲ್ಲಿಂದಲೋ ಬಂದಿರಲೇಬೇಕಲ್ಲ, ಸೊಸೆಯ ಕಡೆಯಿಂದಲೇ ಬರಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ನರ್ಸು ಹತ್ತಿ ಒತ್ತುತ್ತಾ, ತನ್ನದೂ ಈ ಸಲವೇ ಕಳಿಸಿರಿ ಎಂದಳು. ಅವಳ ಮದುವೆ ಗೊತ್ತಾಗಿತ್ತು, ಮದುವೆಗೆ ಮೊದಲು ಈ ಪರೀಕ್ಷೆ ಮಾಡಿಸಿಕೋ ಎಂದು ನಾನೇ ಬೆನ್ನು ಹತ್ತಿದ್ದೆ. ಆದರೆ ಅವಳು ಅದನ್ನು ಕೇಳಿದ ರೀತಿ ಬೇರೆಯಿತ್ತು. ಮಾವನ ಕಡೆ ನೋಡಿ, ನಮ್ಮ ಕ್ಯಾಂಪಿನ ರಕ್ತ ಹೆಂಗಿರತದ ನೀವೂ ನೋಡ್ರಿ ಎಂದು ನಕ್ಕಳು.

ಆ ಪರೀಕ್ಷೆಗೆ ಸಮಯ ಬೇಕು. ರಕ್ತದ ಗುಂಪಿಗೆ ಬೇಡ. ಕೂತವರು ಸುಮ್ಮನೆ ಕೂರುವುದೇಕೆ ಎಂದು ನಾನು ಲ್ಯಾಬಿನವನಿಗೆ ಗುಂಪು ನೋಡು ಎಂದೆ. ಅವನು ಸಿಂಧನೂರಿನ ಮುಸಲ್ಮಾನ ಹುಡುಗ, ಮಾತಿಗಿಂತ ಕೈ ಚುರುಕು. ಗಾಜಿನ ಮೇಲೆ ರಕ್ತದ ಹನಿ ಇಟ್ಟು, ಒಂದಕ್ಕೆ ನೀಲಿ ದ್ರವ, ಒಂದಕ್ಕೆ ಹಳದಿ, ಇನ್ನೊಂದಕ್ಕೆ ಬಣ್ಣವಿಲ್ಲದ್ದು ಬೆರೆಸಿ ಕಡ್ಡಿಯಿಂದ ಕಲೆಸಿದ. ನೀಲಿಯಲ್ಲಿ ರಕ್ತ ಒಡೆದ ಹಾಲಿನ ಹಾಗೆ ಕಣಕಣವಾದರೆ ಎ, ಹಳದಿಯಲ್ಲಾದರೆ ಬಿ, ಎರಡರಲ್ಲೂ ಆಗದಿದ್ದರೆ ಓ. ಮೂರನೆಯದು ಪಾಸಿಟಿವ್, ನೆಗೆಟಿವ್ ಹೇಳುತ್ತದೆ. ನೋಡುವುದಕ್ಕೆ ಯಾರಿಗಾದರೂ ಸೊಗಸು. ಅತ್ತೆಯೂ ಬೆಂಚು ಬಿಟ್ಟು ಬಂದು ಬಗ್ಗಿ ನಿಂತಳು.

ಮಾವನ ಹನಿ ಹಳದಿಯಲ್ಲಿ ಒಡೆಯಿತು. ಬಿ.

ಅವರು ಇಷ್ಟು ವರ್ಷ ತಮ್ಮದು ಓ ಎಂದೇ ತಿಳಿದಿದ್ದರು, ಯಾರೂ ನೋಡಿರಲಿಲ್ಲ. ಗಾಜು ಬದಲಾಗಿದೆ ಎಂದರು. ಇನ್ನೊಂದು ಗಾಜು ತೆಗೆದುಕೊಂಡು ಅವರ ಬೆರಳಿನಿಂದಲೇ ಹೊಸ ಹನಿ ಹಾಕಿಸಿದೆ. ಅದೂ ಬಿ. ಒಡಹುಟ್ಟಿದವರಲ್ಲಿ ಒಬ್ಬರದು ಓ, ಒಬ್ಬರದು ಬಿ ಇರುವುದು ದಿನನಿತ್ಯದ ಮಾತು ಎಂದು ಸಮಾಧಾನ ಮಾಡಿದೆ. ಆಮೇಲೆ ನನ್ನ ಚೇಷ್ಟೆ ಶುರುವಾಯಿತು. ಬಿ ಇರುವವರು ಕಿಟಕಿಯ ಕಡೆ ನಿಲ್ಲಿರಿ, ಓ ಇರುವವರು ಬಾಗಿಲ ಕಡೆ ಎಂದೆ. ಕಿಟಕಿಯ ಕಡೆ ಬಂದವರು ಮಾವ, ಸೊಸೆ, ಅವಳ ಕಂಕುಳಲ್ಲಿ ಮಗು, ಮತ್ತು ನಮ್ಮ ಲ್ಯಾಬಿನ ಹುಡುಗ. ಬಾಗಿಲ ಕಡೆ ಅತ್ತೆ, ಅವಳ ಮಗ, ಮತ್ತು ಕ್ಯಾಂಪಿನ ನರ್ಸು. ನಾನು ಎ, ನನಗೆ ಜಾಗವಿಲ್ಲದೆ ಕುರ್ಚಿಯಲ್ಲೇ ಉಳಿದೆ. ನರ್ಸು ಅತ್ತೆಯ ಭುಜಕ್ಕೆ ಭುಜ ತಾಗಿಸಿ, ಬರ್ರಿ ಅಕ್ಕಾರ, ನಾವಿಬ್ರೂ ಒಂದ ಖಾಂದಾನ ಎಂದಳು. ಗಿರಣಿಯ ಹುಡುಗ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅವ್ವ ತಿರುಗಿ ನೋಡಿದ ಕೂಡಲೇ ನಿಲ್ಲಿಸಿದ.

ಇನ್ನು ನೆಗೆಟಿವ್ ಇರುವವರು ಬೇರೆ ನಿಲ್ಲಿ ಎಂದೆ. ಗಿರಣಿಯ ಹುಡುಗ ಮತ್ತು ಲ್ಯಾಬಿನವನು ಒಂದಾದರು, ಮಿಕ್ಕವರೆಲ್ಲ ಒಂದು ಗುಂಪು. ಹೀಗೆ ಒಂದೇ ಕೋಣೆಯ ಅದೇ ಮಂದಿ ಒಂದು ಗುಣ ಹಿಡಿದರೆ ಒಂದು ಥರ ಪಾಲಾಗುತ್ತಾರೆ, ಇನ್ನೊಂದು ಹಿಡಿದರೆ ಇನ್ನೊಂದು ಥರ. ಮೂಗು, ಮೈಬಣ್ಣ ಬೇರೆ, ರಕ್ತದ ಗುಂಪು ಬೇರೆ, ಹಿಮೋಗ್ಲೋಬಿನ್ ಬೇರೆ. ಎಲ್ಲವೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಇಳಿಯುವುದಿಲ್ಲ. ಇಂಥ ಗುಂಪಿನವರು ಒಂದು ಸೀಮೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂದು ಇರಬಹುದು, ಆದರೆ ಇಲ್ಲಿಗೆ ಇವರು ಮುಗಿದರು, ಅಲ್ಲಿಂದ ಅವರು ಶುರು ಎಂಬ ಬದು ಎಲ್ಲೂ ಇಲ್ಲ. ನಾನು ಇದನ್ನೆಲ್ಲ ಹೇಳಿದೆ. ಮಾವ ಗಂಭೀರವಾಗಿ ಕೇಳಿ, ಗುಂಪು ಗಿಂಪು ಎಲ್ಲ ಮೇಲಿನ ಮಾತು, ಅಸಲಿ ವಿಷಯ ಆ ಇ ಬಂದಾಗ ತಿಳಿಯುತ್ತದೆ ಎಂದರು. ಬೀಜದ ಮೊಳಕೆ ಪರೀಕ್ಷೆಗೂ ತಡ ಆಗುತ್ತದೆ, ಕಾಯುತ್ತೇವೆ ಎಂದು ಎದ್ದರು.

ರಿಪೋರ್ಟು ಬಂದ ದಿನ ಅವರೇ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಹೊಸ ಪಂಚೆ, ಇಸ್ತ್ರಿ ಅಂಗಿ. ಸೊಸೆಯ ಮುಖ ನೋಡಲು ಆಗುತ್ತಿರಲಿಲ್ಲ. ಅಷ್ಟು ದಿನ ತವರಿನಲ್ಲಿ ಅಕ್ಕಪಕ್ಕದವರ ಮಾತು ಕೇಳಿ ಬತ್ತಿ ಹೋಗಿದ್ದಳು, ಮಗುವನ್ನು ಮಾತ್ರ ಯಾರೋ ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ ಹಿಡಿದಿದ್ದಳು. ನನಗೆ ಚೇಷ್ಟೆಯೆಲ್ಲ ಒಂದು ಗಳಿಗೆ ಬೇಡವೆನ್ನಿಸಿತು.

ಮೊದಲು ಅವಳದ್ದನ್ನೇ ಹೇಳಿದೆ. ನಿನ್ನಲ್ಲಿ ಥಲಸೇಮಿಯಾದ ಒಂದು ಪಾಲು ಇದೆ, ಮಗುವಿಗೆ ಬಂದ ಅರ್ಧ ನಿನ್ನದು. ಇ ನಿನ್ನಲ್ಲಿ ಇಲ್ಲ. ಆಮೇಲೆ ಗಂಡನದ್ದು. ಥಲಸೇಮಿಯಾ ಇಲ್ಲ. ಇ ಇದೆ. ಉಳಿದರ್ಧ ಅವನದ್ದು. ಮಗು ಅಪ್ಪನಿಂದಲೇ ತನ್ನ ಪಾಲು ತೆಗೆದುಕೊಂಡಿದೆ. ಆ ಹುಡುಗ ತನ್ನ ಎರಡೂ ಕೈ ನೋಡಿಕೊಂಡ, ಅದು ಅಂಗೈ ಮೇಲೆ ಎದ್ದು ಕಾಣುತ್ತದೇನೋ ಎಂಬಂತೆ. ಆಮೇಲೆ ನಡೆದು ಹೋಗಿ ಹೆಂಡತಿಯ ಬೆಂಚಿನ ಮೇಲೆ ಕೂತ. ಅವಳು ಸ್ವಲ್ಪ ಆಚೆ ಸರಿದಳು.

ಅತ್ತೆಯದ್ದು ಹೇಳಿದೆ. ಇ ಇದೆ. ಅವಳು ಸೆರಗು ಬಾಯಿಗೆ ಹಿಡಿದಳು. ಮಾವನವರ ಕಡೆ ತಿರುಗಿದೆ.

"ತಮ್ಮಲ್ಲೂ ಇದೆ" ಎಂದೆ, ಅತ್ಯಂತ ಮರ್ಯಾದೆಯಿಂದ.

ಜವಾರಿ ರಕ್ತದ ಮೇಲೆ ಯಾರೋ ತಣ್ಣೀರು ಸುರಿದ ಹಾಗೆ ಕೂತರು. ಇದರಿಂದ ನಿಮಗೇನೂ ಆಗುವುದಿಲ್ಲ, ಇಷ್ಟು ವರ್ಷ ಆಗಿಲ್ಲ, ಮುಂದೆಯೂ ಆಗುವುದಿಲ್ಲ, ಆದರೆ ಮಕ್ಕಳ ಮದುವೆ ಮಾಡುವಾಗ ಹೆಣ್ಣು ಗಂಡು ಇಬ್ಬರದ್ದೂ ನೋಡಿಸಿ ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಆ ನರ್ಸಮ್ಮಂದು ಏನಾತ್ರಿ ಎಂದು ಮೆಲ್ಲಗೆ ಕೇಳಿದರು. ನರ್ಸು ತಾನೇ ಮುಂದೆ ಬಂದಳು.

"ನನ್ನದರಾಗ ಏನೂ ಇಲ್ರಿ, ಇ ನೂ ಇಲ್ಲ, ಇನ್ನೊಂದೂ ಇಲ್ಲ. ಲೆಕ್ಕ ಹಿಡಿದ್ರ ನೀವ ಖರೇ ಬಂಗಾಲಿ. ಮೀನು ತಿಂತೀರೇನ್ರಿ?"

ಮೊಟ್ಟೆಯ ವಾಸನೆಗೇ ಮೂಗು ಮುಚ್ಚುವ ಮನೆತನ ಅವರದು. ಆದರೆ ಬೀಜದಂಗಡಿಯವರು ಸೋಲುವ ಜಾತಿಯಲ್ಲ. ಅಲ್ಲೇ ಕೂತು ಹೊಸ ಲೆಕ್ಕ ಹಾಕಿದರು. ಹಾಗಾದರೆ ತಮ್ಮ ಹಿರಿಯರು ಯಾವ ಕಾಲಕ್ಕೋ ಬಂಗಾಳದಿಂದ ಬಂದಿರಬೇಕು, ದೊಡ್ಡ ಪದವಿಯಲ್ಲೇ ಬಂದಿರಬೇಕು, ಕುದುರೆ ಮೇಲೆ. ನಾನು ತಲೆ ಹಿಡಿದುಕೊಂಡೆ. ಒಂದು ಹಿಮೋಗ್ಲೋಬಿನ್ ನೋಡಿ ಸೊಸೆಗೆ ಕ್ಯಾಂಪಿನ ಸಂಬಂಧ ಕಟ್ಟಿದ ತಪ್ಪೂ ಅದೇ, ಅದೇ ಹಿಮೋಗ್ಲೋಬಿನ್ ನೋಡಿ ಅಜ್ಜನನ್ನು ಕುದುರೆ ಹತ್ತಿಸುವ ತಪ್ಪೂ ಅದೇ ಎಂದೆ. ಇಂಥವು ಮಲೇರಿಯಾ ಜೋರಾಗಿದ್ದ ಕಡೆ ಉಳಿದುಕೊಂಡು ಹೆಚ್ಚಾದವು, ಏಕೆಂದರೆ ಒಂದು ಪಾಲು ಇದ್ದವರಿಗೆ ಆ ಜ್ವರ ತಡೆಯುವ ಬಲ ಸ್ವಲ್ಪ ಜಾಸ್ತಿ. ಸೊಳ್ಳೆ ಜಾತಿ ಕೇಳಿ ಕಚ್ಚುವುದಿಲ್ಲ. ನಿಮ್ಮ ಮನೆಗೆ ಇದು ಯಾವ ಕಾಲದಲ್ಲಿ, ಯಾರಿಂದ, ಹೇಗೆ ಬಂತು ಎಂದು ಈ ಒಂದರಿಂದ ನಾನೂ ಹೇಳಲಾರೆ, ಯಾರೂ ಹೇಳಲಾರರು. ಅವರು ಬಹಳ ಹೊತ್ತು ತಲೆ ಆಡಿಸಿದರು. ಹೊರಗೆ ಹೋಗಿ ನರ್ಸಿಗೆ, ತಂಗಿ, ನಿಮ್ಮ ಕಡೆ ಅಡ್ಡಹೆಸರು ಏನೇನ ಇರತಾವ ಎಂದು ಕೇಳಿದರಂತೆ.

ನಾನು ಗೆದ್ದೆ ಎಂದುಕೊಂಡಿದ್ದೆ. ಸುಳ್ಳೇಕೆ, ಬಹಳ ಖುಷಿಯಲ್ಲಿದ್ದೆ. ವಿಜ್ಞಾನದಿಂದ ಒಂದು ಸಂಸಾರ ಉಳಿಸಿದೆ ಎಂದು ಮನಸ್ಸಿನಲ್ಲೇ ನನಗೆ ನಾನೇ ಹಾರ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಎದ್ದು ಸೊಸೆಯ ಹತ್ತಿರ ಹೋದಳು. ಕಣ್ಣಲ್ಲಿ ನೀರು ಇತ್ತು, ಅದು ನಾಟಕದ್ದಲ್ಲ. ನಿನ್ನ ರಕ್ತದಾಗ ಆ ಇ ಇಲ್ಲ ಅಂತ ಮೇಡಂ ಹೇಳ್ಯಾರ, ನಡಿ ಮನಿಗೆ ಹೋಗೂನು, ಮಸ್ಕಿ ಬಸ್ಸು ಇನ್ನೇನು ಬರತದ ಎಂದು ಮಗುವಿಗೆ ಕೈ ಚಾಚಿದಳು.

ಸೊಸೆ ಮಗುವನ್ನು ಕೊಡಲಿಲ್ಲ. ಇಷ್ಟು ದಿನ ನನ್ನೆದುರು ಅವಳು ಆಡಿದ ಮಾತು ಮಗುವಿನ ಜ್ವರ, ಊಟ, ನಿದ್ದೆಯದು ಮಾತ್ರ.

"ನನ್ನ ರಕ್ತದಾಗ ಇದ್ದಿದ್ರ ಅತ್ತಿ?"

  ನಾನು ಇ ಅವಳಲ್ಲಿ ಇಲ್ಲ ಎಂದು ತೋರಿಸಿದ್ದೆನೇ ಹೊರತು, ಅವಳ ಅಪ್ಪನಿಂದಲೋ ಅವ್ವನಿಂದಲೋ ಅವಳಿಗೆ ಸುಮ್ಮನೆ ಬಂದಿದ್ದರೂ ಆ ಕಟ್ಟೆಯ ಮುಂದೆ ಆಡಿದ ಮಾತು ಅಷ್ಟೇ ಸುಳ್ಳಾಗಿರುತ್ತಿತ್ತು ಎಂದು ಒಂದು ಸಲವೂ ಹೇಳಿರಲಿಲ್ಲ. ಯಂತ್ರ ಇನ್ನೊಂದು ಥರ ಹೇಳಿದ್ದರೆ ಈ ಹುಡುಗಿ ಏನು ಮಾಡಬೇಕಿತ್ತು? ನನ್ನ ಖುಷಿ ಅಲ್ಲಿಗೇ ಇಳಿದುಹೋಯಿತು.

ಅವಳು ಮಗುವನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು ಅತ್ತೆಯ ಮುಖ ನೋಡಿ ಹೇಳಿದಳು.

"ಅದು ನಿಮ್ಮ ರಕ್ತದಾಗ ಐತಿ, ನಿಮ್ಮಣ್ಣನ ರಕ್ತದಾಗ ಐತಿ. ನಿಮ್ಮವ್ವ ಎಲ್ಲಿಗೆ ಹೋಗಿದ್ಲು ಅಂತ ಇಷ್ಟು ಮಂದ್ಯಾಗ ಒಬ್ರೂ ಕೇಳಲಿಲ್ಲ. ನಾನೂ ಕೇಳಾಂಗಿಲ್ಲ."

ಮಾವ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಿಂದ ಬಂಗಾಳ, ಕುದುರೆ ಎಲ್ಲ ಇಳಿದು ಹೋಗಿತ್ತು. ಅವರ ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಪಾಪ, ಆಕೆಯನ್ನು ಯಾರೂ ಏನೂ ಅನ್ನಲಿಲ್ಲ. ಅನ್ನಬೇಕೆಂದು ಯಾರಿಗೂ ತೋಚಿರಲೂ ಇಲ್ಲ.

ಅತ್ತೆ ನಿಂತೇ ಇದ್ದಳು. ಬೀದಿಯಲ್ಲಿ ಮಸ್ಕಿ ಬಸ್ಸು ಹಾರ್ನು ಹಾಕುತ್ತಾ ಹೋಯಿತು, ಯಾರೂ ಏಳಲಿಲ್ಲ. ಆಮೇಲೆ ಅವಳು ಬಗ್ಗಿ ಸೊಸೆಯ ಚೀಲ ಎತ್ತಿಕೊಂಡಳು. ಸಾಲಗುಂದಕ್ಕೆ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನರ್ಸನ್ನು ಕೇಳಿದಳು. ನಾಲ್ಕು ಮನೆಗೆ ಕೇಳುವ ಹಾಗೆ ಅಂದದ್ದನ್ನು ಅಲ್ಲೇ ನಿಂತು ಹಿಂದೆ ತೆಗೆದುಕೊಳ್ಳಬೇಕಲ್ಲ ಎಂದಳು, ನನಗಲ್ಲ, ತನಗೇ ಹೇಳಿಕೊಂಡ ಹಾಗೆ. ಸೊಸೆ ಆಗ ಎದ್ದು, ಮಗುವನ್ನು ಅತ್ತೆಯ ಕಂಕುಳಿಗೆ ಕೊಟ್ಟಳು.